ಬಾಲದಲ್ಲಿ ಕವಲು ಇಲ್ಲ ಅಂದರೆ ಹದ್ದಲ್ಲವೇ? ಐದು ಫೋಟೋಗಳ ಲೆಕ್ಕಾಚಾರ

ಪ್ರಶ್ನೆ: ತಲೆ ಮೇಲೆ ಗಿರಕಿ ಹೊಡೀತಿದ್ದ ಒಂದು ಕಂದು ಹಕ್ಕಿಯ ಐದು ಫೋಟೋ ಕಳಿಸಿದ್ದೇನೆ. ಒಬ್ಬರು ಮಾಮೂಲಿ ಹದ್ದು ಅಂದರು. ಇನ್ನೊಬ್ಬರು ಬೂಟೆಡ್ ಈಗಲ್ ಅಂದರು. ಮೂರನೆಯವರು ಜೇನುಗಿಡುಗ ಅಂತಾರೆ. ಬಾಲದಲ್ಲಿ ಕವಲು ಕಾಣ್ತಿಲ್ಲ, ಹಾಗಾಗಿ ಹದ್ದು ಅಲ್ಲ ಅನ್ನಿಸುತ್ತೆ. ಆದರೆ ರೆಕ್ಕೆ ಕೆಳಗೆ ಹದ್ದಿಗೆ ಇರೋ ಹಾಗೆ ತೆಳು ಬಣ್ಣದ ಮಚ್ಚೆನೂ ಇದೆ. ಯಾವುದನ್ನು ನಂಬಬೇಕು?

ಉತ್ತರ: ಮೊದಲ ನಾಲ್ಕು ಫೋಟೋಗಳಲ್ಲಿ ಇರುವುದು ಬೂಟೆಡ್ ಈಗಲ್, ಅದರ ಕಡುಗಂದು ರೂಪ. ಐದನೆಯದರ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಕವಲು ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಹದ್ದನ್ನು ಪಟ್ಟಿಯಿಂದ ತೆಗೆಯಬೇಡಿ. ಅದು ಸಾಕಾಗುವ ಸಾಕ್ಷಿ ಅಲ್ಲ. ಯಾಕೆ ಅನ್ನುವುದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಬಣ್ಣವನ್ನು ಪಕ್ಕಕ್ಕಿಡಿ. ಬೆಳಗುವ ಆಕಾಶದ ಎದುರು ತೆಗೆದ ಫೋಟೋದಲ್ಲಿ ಯಾವ ಬೇಟೆಹಕ್ಕಿಯಾದರೂ ಕಂದೇ, ಇಲ್ಲವೇ ಕಪ್ಪೇ. ಅದರ ಮೇಲೆ ಬೂಟೆಡ್ ಈಗಲ್‌ಗೆ ತೆಳು ರೂಪ, ಕಡು ರೂಪ ಎಂದು ಎರಡು ವೇಷ. ಇವೆರಡರ ನಡುವಿನ ಕೆಂಗಂದು ಹಕ್ಕಿಗಳೂ ಉಂಟು. ಜೇನುಗಿಡುಗದ ಬಣ್ಣವನ್ನಂತೂ ನಂಬುವ ಹಾಗೇ ಇಲ್ಲ. ಹೆಚ್ಚುಕಮ್ಮಿ ಬಿಳಿ ಹೊಟ್ಟೆಯದರಿಂದ ಹಿಡಿದು ಪೂರ್ತಿ ಕಡುಗಂದಿನವರೆಗೆ ಎಲ್ಲ ಥರದ್ದೂ ಸಿಗುತ್ತವೆ. ಹೀಗಿರುವಾಗ "ಕಂದು ಹಕ್ಕಿ" ಎಂಬ ವಿವರಣೆಯಿಂದ ಏನೂ ಸಿಗುವುದಿಲ್ಲ. ಆಕಾರ ಹಾಗಲ್ಲ. ಗರಿಗಳ ಉದ್ದ, ಅವು ಜೋಡಿಸಿಕೊಂಡಿರುವ ರೀತಿ, ಇವು ಜಾತಿಯೊಳಗೆ ಅಷ್ಟು ಬದಲಾಗುವುದಿಲ್ಲ. ಬಣ್ಣದಲ್ಲಿ ನೋಡಬೇಕಾದದ್ದು ಏನಿದ್ದರೂ ತೆಳು ಜಾಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು.

ನಿಮ್ಮ ಒಂದನೇ ಫೋಟೋದಿಂದ ಶುರು ಮಾಡೋಣ. ಹಕ್ಕಿ ನೇರ ತಲೆಯ ಮೇಲಿದೆ, ರೆಕ್ಕೆ ಪೂರ್ತಿ ಚಾಚಿದೆ, ಬಾಲ ಬಿಚ್ಚಿದೆ. ಬೆಳಕು ಹಿಂದಿನಿಂದ ಬಂದು ಮೈಯೆಲ್ಲ ಕಪ್ಪಾಗಿದೆ. ಇದು ಹಾಳಾದ ಫೋಟೋ ಎಂದು ನೀವು ಬರೆದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಆಕಾರ ಓದಲು ಐದರಲ್ಲಿ ಇದೇ ಒಳ್ಳೆಯದು. ಹಕ್ಕಿ ಓರೆಯಾಗಿದ್ದರೆ ಒಂದು ರೆಕ್ಕೆ ಗಿಡ್ಡವಾಗಿ, ಇನ್ನೊಂದು ಉದ್ದವಾಗಿ ಕಾಣುತ್ತದೆ, ಬಾಲವೂ ಮೊಟಕಾಗುತ್ತದೆ. ಎರಡೂ ರೆಕ್ಕೆ ಒಂದೇ ಉದ್ದಕ್ಕೆ ಕಾಣುವ ಫೋಟೋ ಇದ್ದರೆ ಮಾತ್ರ ಅಳತೆಯ ಮಾತು ಆಡಬಹುದು. ಇಲ್ಲಿ ಹಾಗೆ ಕಾಣುತ್ತಿದೆ.

ಇದರಲ್ಲಿ ರೆಕ್ಕೆಯ ತುದಿ ನೋಡಿ. ಹೊರಗಿನ ದೊಡ್ಡ ಗರಿಗಳು ಒಂದಕ್ಕೊಂದು ಬಿಟ್ಟು, ಬೆರಳಿನ ಹಾಗೆ ಚಾಚಿಕೊಂಡಿವೆ. ಪಕ್ಷಿ ನೋಡುವವರು ಇವನ್ನು ಬೆರಳು ಅಥವಾ ಫಿಂಗರ್ಸ್ ಎಂದೇ ಕರೆಯುತ್ತಾರೆ. ರೆಕ್ಕೆಯ ಮುಂದಿನ ಅಂಚಿನಿಂದ ಎಣಿಸುತ್ತಾ ಹಿಂದಕ್ಕೆ ಬನ್ನಿ. ತುದಿ ಸ್ಪಷ್ಟವಾಗಿ ಬೇರೆಯಾಗಿ ನಿಂತಿರುವ ಗರಿಗಳನ್ನು ಮಾತ್ರ ಎಣಿಸಿ. ನಿಮ್ಮ ಹಕ್ಕಿಗೆ ಎಡಗಡೆ ಆರು, ಬಲಗಡೆ ಆರು. ಎರಡೂ ಕಡೆ ಎಣಿಸುವುದು ಸುಮ್ನೆ ಶಿಸ್ತಿಗಲ್ಲ. ಒಂದು ಗರಿ ಉದುರಿದ್ದರೆ, ಅಥವಾ ಅರ್ಧ ಬೆಳೆದಿದ್ದರೆ, ಆ ಕಡೆ ಲೆಕ್ಕ ಒಂದು ಕಡಿಮೆ ಬರುತ್ತದೆ. ಎರಡರಲ್ಲಿ ಜಾಸ್ತಿ ಬಂದ ಸಂಖ್ಯೆಯೇ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ. ಇನ್ನೊಂದು ಮಾತು. ಹಕ್ಕಿ ರೆಕ್ಕೆ ಅರ್ಧ ಮಡಚಿ ಜಾರಿಕೊಂಡು ಹೋಗುವಾಗ ಬೆರಳುಗಳು ಒಟ್ಟು ಸೇರಿಬಿಡುತ್ತವೆ. ಆಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ಮೇಲೇರುತ್ತಾ ಸುತ್ತುವಾಗ ತೆಗೆದ ಫೋಟೋವೇ ಬೇಕು.

ಆರು ಎಂಬ ಸಂಖ್ಯೆಯಿಂದ ಎಷ್ಟೋ ಹಕ್ಕಿಗಳು ಪಟ್ಟಿಯಿಂದ ಹೋದವು. ಫಾಲ್ಕನ್‌ಗಳ ರೆಕ್ಕೆ ತುದಿ ಚೂಪು, ಅಲ್ಲಿ ಬೆರಳಿನ ಮಾತೇ ಇಲ್ಲ. ಜೌಗಿನ ಮೇಲೆ ತೇಲುವ ಮಾರ್ಷ್ ಹ್ಯಾರಿಯರ್‌ಗೆ ಐದು. ಕಾಮನ್ ಬಜರ್ಡ್‌ಗೂ ಐದು. ಸ್ಟೆಪ್ ಈಗಲ್, ಗ್ರೇಟರ್ ಸ್ಪಾಟೆಡ್ ಈಗಲ್‌ನಂಥ ದೊಡ್ಡವಕ್ಕೆ ಏಳು. ಆದರೆ ನಿಮ್ಮ ಜಗಳ ಮಾತ್ರ ಇದರಿಂದ ಬಗೆಹರಿಯುವುದಿಲ್ಲ. ಯಾಕೆಂದರೆ ಬ್ಲ್ಯಾಕ್ ಕೈಟ್ ಅನ್ನುವ ಮಾಮೂಲಿ ಹದ್ದಿಗೂ ಆರು, ಬೂಟೆಡ್ ಈಗಲ್‌ಗೂ ಆರು, ಏಷ್ಯಾದ ಜೇನುಗಿಡುಗಕ್ಕೂ ಆರೇ. ಯುರೋಪಿನ ಜೇನುಗಿಡುಗವಾದರೆ ಐದು, ಅದು ಬೇರೆ ಜಾತಿ. ನಿಮಗೆ ಮೂವರು ಮೂರು ಹೆಸರು ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮೂರೂ ನ್ಯಾಯವಾದ ಊಹೆಗಳೇ.

ಇನ್ನು ಬಾಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ.

ಬಾಲದ ಅಂಚಿನ ಆಕಾರ ಎರಡು ಸಂಗತಿಗಳಿಂದ ಆಗುತ್ತದೆ. ಒಂದು, ಗರಿಗಳ ಉದ್ದ. ಎರಡು, ಆ ಕ್ಷಣದಲ್ಲಿ ಬಾಲ ಎಷ್ಟು ಬಿಚ್ಚಿದೆ ಎಂಬುದು. ಬೇಟೆಹಕ್ಕಿಗಳಿಗೆ ಸಾಮಾನ್ಯವಾಗಿ ಹನ್ನೆರಡು ಬಾಲದ ಗರಿ, ನಡುವಿನಿಂದ ಆಚೆ ಈಚೆ ಆರಾರು. ಇವು ಬೀಸಣಿಗೆಯ ಕಡ್ಡಿಗಳ ಹಾಗೆ ಒಂದೇ ಬುಡದಿಂದ ಹರಡಿಕೊಳ್ಳುತ್ತವೆ. ಎಲ್ಲ ಕಡ್ಡಿಯೂ ಒಂದೇ ಉದ್ದ ಇದ್ದರೆ ಮುಚ್ಚಿದಾಗ ತುದಿ ನೇರವಾಗಿರುತ್ತದೆ, ಬಿಚ್ಚಿದಾಗ ದುಂಡಗೆ ಕಮಾನಾಗುತ್ತದೆ. ಹೊರಗಿನ ಕಡ್ಡಿ ಉದ್ದ, ನಡುವಿನದು ಗಿಡ್ಡ ಇದ್ದರೆ ಮುಚ್ಚಿದಾಗ ಕವಲು. ಆದರೆ ಬಿಚ್ಚುತ್ತಾ ಹೋದಂತೆ ಹೊರಗಿನ ಉದ್ದನೆಯ ಗರಿಗಳು ಪಕ್ಕಕ್ಕೆ ವಾಲುತ್ತವೆ, ಅವುಗಳ ತುದಿ ಹಿಂದಕ್ಕೆ ಚಾಚುವುದು ಕಡಿಮೆಯಾಗುತ್ತದೆ, ಕವಲು ತುಂಬಿಕೊಳ್ಳುತ್ತಾ ಬರುತ್ತದೆ. ಒಂದು ಹಂತದಲ್ಲಿ ಅಂಚು ಗೆರೆ ಎಳೆದ ಹಾಗೆ ನೇರವಾಗಿಬಿಡುತ್ತದೆ.

ಮಾಮೂಲಿ ಹದ್ದಿನ ಬಾಲದಲ್ಲಿ ಆಗುವುದು ಇದೇ. ಅದರ ಕವಲು ಆಳವೇನಲ್ಲ. ಸುತ್ತುತ್ತಾ ಮೇಲೇರುವಾಗ ಬಾಲ ಪೂರ್ತಿ ಬಿಚ್ಚಿದರೆ ಕವಲು ಮಾಯ. ಆಗ ಬಾಲ ಒಂದು ತ್ರಿಕೋನ. ಅಂಚು ನೇರ, ಎರಡೂ ಮೂಲೆ ಚೂಪು. ಹಾಗಾಗಿ "ಕವಲು ಇದೆಯಾ?" ಎಂದು ಕೇಳುವ ಮೊದಲು "ಬಾಲ ಬಿಚ್ಚಿದೆಯಾ, ಮುಚ್ಚಿದೆಯಾ?" ಎಂದು ಕೇಳಬೇಕು. ಬಿಚ್ಚಿದ ಬಾಲ ನೇರವಾಗಿ ಕಂಡರೆ ಅದು ಹದ್ದಿನ ಕಡೆಗೇ ಬೆರಳು ತೋರಿಸುತ್ತದೆ. ಮುಚ್ಚಿದ ಬಾಲ ನೇರವಾಗಿ ಕಂಡರೆ ಹದ್ದಿನಿಂದ ದೂರ ಹೋಗುತ್ತದೆ. ಒಂದೇ ನೇರ ಅಂಚಿಗೆ ಎರಡು ಉಲ್ಟಾ ಅರ್ಥ.

ಬೂಟೆಡ್ ಈಗಲ್‌ನ ಬಾಲದ ಗರಿಗಳು ಹೆಚ್ಚುಕಮ್ಮಿ ಸಮ ಉದ್ದ. ಮುಚ್ಚಿದಾಗ ಕತ್ತರಿಸಿದ ಹಾಗೆ ಚೌಕ, ಮೂಲೆಗಳು ಚೂಪು. ಬಿಚ್ಚಿದಾಗ ಅಂಚು ದುಂಡಗಾಗುತ್ತದೆ. ಜೇನುಗಿಡುಗದ ಬಾಲ ಉದ್ದ, ಮುಚ್ಚಿದಾಗಲೂ ಮೂಲೆಗಳು ದುಂಡಗೆ, ಎರಡೂ ಬದಿ ಸ್ವಲ್ಪ ಉಬ್ಬಿದಂತೆ.

ಈಗ ನಿಮ್ಮ ಫೋಟೋಗೆ ಬನ್ನಿ. ಒಂದನೆಯದರಲ್ಲಿ ಬಾಲ ಚೆನ್ನಾಗಿ ಬಿಚ್ಚಿದೆ, ಅಂಚು ಕಮಾನಿನ ಹಾಗೆ ದುಂಡಗಿದೆ. ಎರಡನೆಯದರಲ್ಲಿ ಹಕ್ಕಿ ಜಾರುತ್ತಿದೆ, ಬಾಲ ಮುಚ್ಚಿದೆ, ಅಂಚು ನೇರ, ಮೂಲೆ ಚೂಪು. ಈ ಎರಡೂ ಒಟ್ಟಿಗೆ ಸಿಕ್ಕಿದ್ದು ನಿಮ್ಮ ಅದೃಷ್ಟ. ಬಿಚ್ಚಿದರೆ ದುಂಡು, ಮುಚ್ಚಿದರೆ ನೇರ ಅಂದರೆ ಗರಿಗಳೆಲ್ಲ ಒಂದೇ ಉದ್ದ ಎಂದಾಯಿತು. ಹದ್ದಿನ ಬಾಲ ಹೀಗೆ ಮಾಡಲು ಸಾಧ್ಯವಿಲ್ಲ, ಅಂದರೆ ಅದರ ಗರಿಗಳೆಲ್ಲ ಸರಿಯಾಗಿದ್ದಾಗ. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ಜೇನುಗಿಡುಗವೂ ಇಲ್ಲಿಗೆ ದುರ್ಬಲವಾಯಿತು, ಮುಚ್ಚಿದ ಬಾಲದ ಮೂಲೆ ಅಷ್ಟು ಚೂಪಾಗಿರುವುದಿಲ್ಲ.

ರೆಕ್ಕೆಯ ಆಕಾರವನ್ನೂ ಒಮ್ಮೆ ನೋಡೋಣ, ಆದರೆ ಇದಕ್ಕೆ ನಾನು ಬಾಲಕ್ಕೆ ಕೊಟ್ಟಷ್ಟು ತೂಕ ಕೊಡುವುದಿಲ್ಲ. ಹದ್ದು ಮಣಿಕಟ್ಟನ್ನು ಮುಂದಕ್ಕೆ ತಳ್ಳಿ ರೆಕ್ಕೆಯನ್ನು ಬಾಗಿಸಿ ಹಿಡಿಯುತ್ತದೆ. ಮಣಿಕಟ್ಟು ಎಂದರೆ ರೆಕ್ಕೆಯ ಮುಂದಿನ ಅಂಚು ಮುರಿದು ತಿರುಗುವ ಜಾಗ. ಅಲ್ಲಿಂದ ತುದಿಯವರೆಗಿನ ಭಾಗ ಹದ್ದಿನಲ್ಲಿ ಉದ್ದ, ಸ್ವಲ್ಪ ಸಡಿಲ. ಬೂಟೆಡ್ ಈಗಲ್‌ನ ರೆಕ್ಕೆ ಹೆಚ್ಚು ಬಿಗಿ, ಮುಂದಿನ ಅಂಚೂ ಹಿಂದಿನ ಅಂಚೂ ಬಹುಮಟ್ಟಿಗೆ ಸಮಾನಾಂತರವಾಗಿ ಸಾಗುತ್ತವೆ. ನಿಮ್ಮ ಒಂದನೇ ಫೋಟೋ ಈ ಕಡೆಗೇ ವಾಲುತ್ತದೆ. ಆದರೆ ಗಾಳಿ ಜೋರಾದರೆ ಬೂಟೆಡ್ ಈಗಲ್ ಕೂಡ ಮಣಿಕಟ್ಟು ಬಾಗಿಸುತ್ತದೆ. ಒಂದೇ ಕ್ಷಣದ ಭಂಗಿಯನ್ನು ಹಿಡಿದು ವಾದ ಮಾಡುವುದು ಕಷ್ಟ. ಗಾತ್ರದ ಬಗ್ಗೆಯೂ ಹಾಗೆಯೇ. "ಹದ್ದಿಗಿಂತ ಸ್ವಲ್ಪ ಚಿಕ್ಕದು ಅನ್ನಿಸಿತು" ಎಂದು ಬರೆದಿದ್ದೀರಿ. ಪಕ್ಕದಲ್ಲಿ ಗೊತ್ತಿರುವ ಇನ್ನೊಂದು ಹಕ್ಕಿ ಇಲ್ಲದಿದ್ದರೆ ಬರೀ ಆಕಾಶದ ಮೇಲೆ ಗಾತ್ರ ಅಳೆಯಲು ಆಗುವುದಿಲ್ಲ. ಆ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ತಲೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಜೇನುಗಿಡುಗದ ತಲೆ ಚಿಕ್ಕದು, ಕುತ್ತಿಗೆ ಸಪೂರ, ರೆಕ್ಕೆಯ ಮುಂದೆ ಚೆನ್ನಾಗಿ ಚಾಚಿಕೊಂಡಿರುತ್ತದೆ. ದೊಡ್ಡ ರೆಕ್ಕೆಗೆ ಯಾರದೋ ಪುಟ್ಟ ತಲೆ ಅಂಟಿಸಿದಂತೆ ಅನ್ನಿಸಿದರೆ ಮೊದಲು ಜೇನುಗಿಡುಗವನ್ನೇ ಯೋಚಿಸಿ. ನಿಮ್ಮ ಹಕ್ಕಿಯ ತಲೆ ಅಗಲ, ಗಟ್ಟಿ.

ಈಗ ರೆಕ್ಕೆಯ ಕೆಳಭಾಗದ ವಿನ್ಯಾಸ. ಇದಕ್ಕೆ ಮೂರನೇ ಫೋಟೋ ಬೇಕು. ಹಕ್ಕಿ ತಿರುಗುವಾಗ ಒಂದು ರೆಕ್ಕೆಯ ಕೆಳಭಾಗಕ್ಕೆ ಬಿಸಿಲು ಬಿದ್ದಿದೆ. ಹೊರಗಿನ ಹತ್ತು ದೊಡ್ಡ ಗರಿಗಳನ್ನು ಪ್ರೈಮರಿ ಎನ್ನುತ್ತೇವೆ. ಮಣಿಕಟ್ಟಿನಿಂದ ಮೈವರೆಗೆ ಇರುವವು ಸೆಕೆಂಡರಿ. ನೀವು ಹೇಳುವ ತೆಳು ಬಣ್ಣದ ಜಾಗ ಮೂರನೇ ಫೋಟೋದಲ್ಲೂ ಇದೆ. ಆದರೆ ಅದು ಇರುವ ಸ್ಥಳ ನೋಡಿ. ಬೆರಳುಗಳು ಮುಗಿದ ಮೇಲೆ ಒಳಗೆ ಇರುವ ಎರಡು ಮೂರು ಪ್ರೈಮರಿಗಳು, ಅಂದರೆ ಸೆಕೆಂಡರಿಗಳಿಗೆ ತಾಗಿಕೊಂಡಿರುವವು, ಅಕ್ಕಪಕ್ಕದವಕ್ಕಿಂತ ತೆಳು. ಆ ತೆಳು ಬಣ್ಣ ಒಂದು ಬೆಣೆಯ ಆಕಾರದಲ್ಲಿ ರೆಕ್ಕೆಯ ಹಿಂದಿನ ಅಂಚಿನ ಹತ್ತಿರದವರೆಗೂ ಹೋಗುತ್ತದೆ. ಇದು ಬೂಟೆಡ್ ಈಗಲ್‌ನ ಗುರುತು, ಎರಡೂ ರೂಪಗಳಲ್ಲಿ ಇರುತ್ತದೆ.

ಹದ್ದಿನ ಮಚ್ಚೆ ಇರುವುದು ಬೇರೆ ಕಡೆ. ಅದು ಹೊರಗಿನ ಪ್ರೈಮರಿಗಳ ಬುಡದಲ್ಲಿ, ಮಣಿಕಟ್ಟಿನಿಂದ ಸ್ವಲ್ಪ ಆಚೆ, ಬೆರಳುಗಳು ಶುರುವಾಗುವ ಮುಂಚೆ ಇರುತ್ತದೆ. ಅದು ಹಿಂದಿನ ಅಂಚಿನವರೆಗೆ ಹೋಗುವುದಿಲ್ಲ, ಗರಿಗಳ ಬುಡಕ್ಕೆ ನಿಲ್ಲುತ್ತದೆ. ಎರಡನ್ನೂ "ರೆಕ್ಕೆಯಲ್ಲಿ ತೆಳು ಮಚ್ಚೆ" ಎಂದು ಬರೆದುಕೊಂಡರೆ ಗೊಂದಲ ಖಂಡಿತ. "ಬೆರಳಿನ ಬುಡದಲ್ಲಿ" ಅಥವಾ "ಒಳ ಪ್ರೈಮರಿಗಳ ಉದ್ದಕ್ಕೂ" ಎಂದು ಜಾಗ ಹೇಳಿ ಬರೆಯಿರಿ.

ಇಲ್ಲಿ ಒಂದು ಬಲೆ ಇದೆ. ಹಿಂದಿನಿಂದ ಬೆಳಕು ಬಂದಾಗ ಗರಿಗಳು ಪರದೆಯಂತೆ ಬೆಳಕನ್ನು ಬಿಡುತ್ತವೆ. ಹೊರಗಿನ ಪ್ರೈಮರಿಗಳಿಗೆ ಹೋಲಿಸಿದರೆ ಒಳಗಿನವು ಮೆತ್ತಗೆ, ಅವುಗಳ ಮೂಲಕ ಬೆಳಕು ಸುಲಭವಾಗಿ ತೂರುತ್ತದೆ. ಹಾಗಾಗಿ ಕೇವಲ ಒಂದನೇ ಫೋಟೋ ನೋಡಿ "ಒಳ ಪ್ರೈಮರಿ ತೆಳು ಇದೆ, ಬೂಟೆಡ್ ಈಗಲ್" ಎಂದರೆ ನಾನು ಒಪ್ಪುತ್ತಿರಲಿಲ್ಲ. ಎಷ್ಟೋ ಬೇಟೆಹಕ್ಕಿಗಳಲ್ಲಿ ಅಲ್ಲಿ ಹೊಳಪು ಕಾಣುತ್ತದೆ. ಮೂರನೆಯದರಲ್ಲಿ ಬೆಳಕು ಕೆಳಗಿನಿಂದ, ಗರಿಯ ಮೇಲೇ ಬಿದ್ದಿದೆ, ಆಗಲೂ ಬೆಣೆ ಹಾಗೇ ಇದೆ. ಆದ್ದರಿಂದ ಅದು ಬಣ್ಣವೇ ಹೊರತು ಬೆಳಕಿನ ಆಟ ಅಲ್ಲ. ಇನ್ನೊಂದು ಸಾಧ್ಯತೆ ಎಂದರೆ ಗರಿ ಉದುರಿದ ಸಂದಿಯಿಂದ ಆಕಾಶ ಕಾಣುವುದು. ಬೇಟೆಹಕ್ಕಿಗಳು ಸಾಮಾನ್ಯವಾಗಿ ಪ್ರೈಮರಿಗಳನ್ನು ಒಳಗಿನಿಂದ ಹೊರಗೆ ಒಂದೊಂದಾಗಿ ಬದಲಿಸುತ್ತವೆ. ಅಂದರೆ ಗರಿ ಬದಲಿಸಲು ಶುರು ಮಾಡಿದ ಹಕ್ಕಿಗೆ ಮೊದಲು ಸಂದಿ ಬೀಳುವುದು ಸರಿಯಾಗಿ ಆ ಬೆಣೆ ಇರುವ ಜಾಗದಲ್ಲೇ! ಫೋಟೋ ಹಿಗ್ಗಿಸಿ ನೋಡಿ. ಸಂದಿಯಾದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಕಚ್ಚು ಇರುತ್ತದೆ, ಒಳಗಿನ ಬಣ್ಣ ಪೂರ್ತಿ ಆಕಾಶದ್ದೇ ಆಗಿರುತ್ತದೆ. ನಿಮ್ಮದರಲ್ಲಿ ಅಂಚು ಅಖಂಡವಾಗಿದೆ, ಗರಿಯ ಕಡ್ಡಿಗಳೂ ಕಾಣುತ್ತವೆ.

ಬಾಲದ ಕೆಳಭಾಗವನ್ನೂ ಮೂರನೆಯದರಲ್ಲಿ ಓದಬಹುದು. ಮೈಗಿಂತ ತೆಳು, ಬೂದು ಛಾಯೆ, ಪಟ್ಟೆ ಇಲ್ಲ, ತುದಿಗೆ ಸ್ವಲ್ಪ ಮಬ್ಬು. ಜೇನುಗಿಡುಗದ ವಾದ ಇಲ್ಲಿಗೆ ಮುಗಿಯಿತು. ಅದರ ಮೈ ಎಷ್ಟೇ ಕಡು ಇರಲಿ, ಬೆಳೆದ ಹಕ್ಕಿಯ ಹಾರುಗರಿಗಳ ಕೆಳಭಾಗದಲ್ಲಿ ದೂರದೂರ ಅಡ್ಡಪಟ್ಟೆಗಳಿರುತ್ತವೆ, ರೆಕ್ಕೆಯ ಹಿಂದಿನ ಅಂಚಿಗೆ ಒಂದು ಕಪ್ಪು ಗೆರೆ ಓಡುತ್ತದೆ, ಬಾಲದಲ್ಲಿ ಪಟ್ಟಿಗಳಿರುತ್ತವೆ. ಬೆಳೆದ ಗಂಡಿನ ಬಾಲದಲ್ಲಂತೂ ಎರಡು ಅಗಲ ಕಪ್ಪು ಪಟ್ಟಿ, ನಡುವೆ ತೆಳು ಬಣ್ಣದ ಒಂದು ಅಗಲ ಪಟ್ಟಿ. ಅದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಹೆಣ್ಣಿನಲ್ಲಿ ಪಟ್ಟಿಗಳು ತೆಳ್ಳಗಿರುತ್ತವೆ. ಎಳೆಯ ಹಕ್ಕಿಗಳಲ್ಲಿ ಇಷ್ಟು ಅಚ್ಚುಕಟ್ಟು ಇರುವುದಿಲ್ಲ, ಅಲ್ಲಿ ಮತ್ತೆ ತಲೆ ಮತ್ತು ಬಾಲದ ಆಕಾರಕ್ಕೇ ಹೋಗಬೇಕು.

ಮೂರನೇ ಫೋಟೋದಲ್ಲಿ ನೀವು ಗಮನಿಸದ ಇನ್ನೊಂದು ಚಿಕ್ಕ ವಿಷಯ ಇದೆ. ಹಕ್ಕಿ ಅರೆಪಾಲು ನಿಮ್ಮ ಕಡೆ ಮುಖ ಮಾಡಿದೆ. ಕುತ್ತಿಗೆಯ ಪಕ್ಕ, ರೆಕ್ಕೆಯ ಮುಂದಿನ ಅಂಚು ಮೈಗೆ ಸೇರುವ ಮೂಲೆಯಲ್ಲಿ, ಒಂದೊಂದು ಬಿಳಿ ಚುಕ್ಕೆ. ವಿಮಾನದ ದೀಪ ನೆನಪಿಸುವುದರಿಂದ ಪಕ್ಷಿಪ್ರಿಯರು ಇದನ್ನು ಲ್ಯಾಂಡಿಂಗ್ ಲೈಟ್ ಎನ್ನುತ್ತಾರೆ. ಬೂಟೆಡ್ ಈಗಲ್‌ನ ಎರಡೂ ರೂಪಗಳಲ್ಲಿ ಇದು ಇದೆ. ಎದುರಿನಿಂದ ಬರುವಾಗ ಚೆನ್ನಾಗಿ ಕಾಣುತ್ತದೆ, ನೇರ ಕೆಳಗಿನಿಂದ ನೋಡಿದರೆ ಎಷ್ಟೋ ಸಲ ಕಾಣುವುದೇ ಇಲ್ಲ. ಆದ್ದರಿಂದ ಇದ್ದರೆ ಬಲವಾದ ಸಾಕ್ಷಿ, ಇಲ್ಲದಿದ್ದರೆ ಯಾವ ತೀರ್ಮಾನವೂ ಬೇಡ. ಭುಜದ ಗರಿಯ ಮೇಲೆ ಬಿಸಿಲು ಹೊಳೆದರೂ ಇಂಥದೇ ಚುಕ್ಕೆ ಮೂಡಬಹುದು. ಎರಡೂ ಕಡೆ, ಒಂದೇ ಜಾಗದಲ್ಲಿ, ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೋಗಳಲ್ಲಿ ಇದ್ದರೆ ನಂಬಿ. ನಿಮ್ಮದರಲ್ಲಿ ಎರಡೂ ಭುಜದಲ್ಲಿ ಇದೆ, ನಾಲ್ಕನೆಯದರಲ್ಲೂ ಒಂದು ಭುಜದಲ್ಲಿ ಕಾಣುತ್ತದೆ.

ನಾಲ್ಕನೆಯದು ಬೆನ್ನು ಕಾಣುವ ಫೋಟೋ. ರೆಕ್ಕೆಯ ಮೇಲ್ಭಾಗದಲ್ಲಿ ಓರೆಯಾಗಿ ಸಾಗುವ ತೆಳು ಪಟ್ಟಿ ನೋಡಿ ನಿಮ್ಮ ಗೆಳೆಯರೊಬ್ಬರು ಬೂಟೆಡ್ ಈಗಲ್ ಎಂದರಂತೆ. ಹೆಸರು ಸರಿ, ಆದರೆ ಆ ಪಟ್ಟಿ ಹದ್ದಿಗೂ ಉಂಟು. ಬೂಟೆಡ್ ಈಗಲ್‌ನಲ್ಲಿ ಅದು ಹೆಚ್ಚು ಅಗಲ, ಬಣ್ಣ ಇನ್ನೂ ತೆಳು, ಅಷ್ಟೇ. ಅಂಥ ವ್ಯತ್ಯಾಸ ಫೋಟೋದ ಬೆಳಕಿನಲ್ಲಿ ಸುಲಭವಾಗಿ ಕರಗಿಹೋಗುತ್ತದೆ. ಇಲ್ಲಿ ನಾನು ನೋಡುವುದು ಬಾಲದ ಬುಡ. ಬೂಟೆಡ್ ಈಗಲ್‌ಗೆ ಬಾಲ ಶುರುವಾಗುವ ಕಡೆ, ಮೇಲ್ಗಡೆ, ತೆಳು ಬಣ್ಣದ ಒಂದು ಬಾಗಿದ ಪಟ್ಟಿ ಇರುತ್ತದೆ. ಹದ್ದಿಗೆ ಅಲ್ಲಿ ಅಂಥದ್ದೇನೂ ಇಲ್ಲ, ಬೆನ್ನಿನ ಕಂದು ಹಾಗೇ ಬಾಲಕ್ಕೆ ಇಳಿಯುತ್ತದೆ. ನಿಮ್ಮ ಫೋಟೋದಲ್ಲಿ ಅದು ಸ್ವಲ್ಪ ಮಸುಕಾಗಿದ್ದರೂ ಇದೆ.

ಇಷ್ಟಾದ ಮೇಲೆ ಮೊದಲ ನಾಲ್ಕರ ಬಗ್ಗೆ ನನಗೆ ಅನುಮಾನ ಉಳಿದಿಲ್ಲ. ಇದು ತೆಳು ರೂಪದ ಬೂಟೆಡ್ ಈಗಲ್ ಆಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ ಅನ್ನಿ. ಅದರಲ್ಲಿ ಮೈ ಮತ್ತು ರೆಕ್ಕೆಯ ಮುಂದಿನ ಅರ್ಧ ಬಿಳಿಚು, ಹಾರುಗರಿಗಳು ಕಪ್ಪು. ದೂರದಿಂದಲೇ ಗೊತ್ತಾಗುತ್ತದೆ.

ಈಗ ಐದನೇ ಫೋಟೋ. ಅದನ್ನು ತೆರೆದಾಗ ನಾನು ಮಾಡಿದ ಮೊದಲ ಕೆಲಸ ಫೈಲಿನಲ್ಲಿ ದಾಖಲಾದ ಸಮಯ ನೋಡಿದ್ದು. ಮೊದಲ ನಾಲ್ಕು ಒಂದು ನಿಮಿಷದ ಒಳಗೆ ತೆಗೆದವು. ಐದನೆಯದಕ್ಕೂ ನಾಲ್ಕನೆಯದಕ್ಕೂ ಆರು ನಿಮಿಷದ ಅಂತರ ಇದೆ. ಅಷ್ಟು ಹೊತ್ತಿನಲ್ಲಿ ಹಕ್ಕಿ ಕಣ್ಣಿಂದ ಮರೆಯಾಗಿ ಮತ್ತೆ ಬಂತು ಎಂದು ನೀವೇ ಬರೆದಿದ್ದೀರಿ. ಮತ್ತೆ ಬಂದದ್ದು ಅದೇ ಹಕ್ಕಿ ಎಂದು ಯಾಕೆ ನಂಬಬೇಕು? ಬೇಟೆಹಕ್ಕಿಗಳು ಬಿಸಿಗಾಳಿ ಏಳುವ ಒಂದೇ ಜಾಗಕ್ಕೆ ಒಂದರ ಹಿಂದೆ ಒಂದು ಬರುವುದು ಮಾಮೂಲು. ಅದರಲ್ಲೂ ಬೂಟೆಡ್ ಈಗಲ್ ಹದ್ದುಗಳ ಜೊತೆಯಲ್ಲೇ ಸುತ್ತುವುದನ್ನು ಬೇಕಾದಷ್ಟು ಸಲ ನೋಡಬಹುದು.

ಒಂದೇ ಹಕ್ಕಿಯೋ ಅಲ್ಲವೋ ಎಂದು ತಿಳಿಯಲು ಗರಿಗಳ ಸ್ಥಿತಿ ನೋಡಬೇಕು. ಮುರಿದ ಗರಿ, ಉದುರಿದ ಗರಿ, ಅರ್ಧ ಬೆಳೆದ ಗರಿ ಯಾವ ಜಾಗದಲ್ಲಿದೆ ಎಂಬುದು ಆರು ನಿಮಿಷದಲ್ಲಿ ಬದಲಾಗುವುದಿಲ್ಲ. ಒಂದು ಗರಿ ಆಗಷ್ಟೇ ಉದುರಬಹುದು, ನಿಜ. ಆದರೆ ಎರಡೂ ರೆಕ್ಕೆಯಲ್ಲಿ, ಬಾಲದಲ್ಲಿ ಒಟ್ಟಿಗೆ ಉದುರಿ, ಅರ್ಧ ಬೆಳೆಯುವುದಿಲ್ಲ ಅಲ್ವಾ? ಮೊದಲ ನಾಲ್ಕರಲ್ಲಿ ರೆಕ್ಕೆಯ ಹಿಂದಿನ ಅಂಚು ಪೂರ್ತಿ ಸರಿಯಾಗಿದೆ. ಐದನೆಯದರಲ್ಲಿ ಎರಡೂ ರೆಕ್ಕೆಗಳ ನಡುಭಾಗದಲ್ಲಿ ಒಂದೊಂದು ಕಚ್ಚು ಇದೆ, ಎರಡೂ ಕಡೆ ಒಂದೇ ಸ್ಥಾನದಲ್ಲಿ. ಇದು ಗರಿ ಬದಲಿಸುತ್ತಿರುವ ಹಕ್ಕಿ. ಅಂದರೆ ಬೇರೆ ಹಕ್ಕಿ.

ಈ ಐದನೆಯದೇ ನಿಮ್ಮನ್ನು ಗೊಂದಲಕ್ಕೆ ದೂಡಿದ್ದು. ಇದರ ಬಾಲ ಮುಚ್ಚಿದೆ, ಆದರೂ ಕವಲು ಇಲ್ಲ. ನಾನು ಮೇಲೆ ಹೇಳಿದ ಲೆಕ್ಕದ ಪ್ರಕಾರ ಹದ್ದು ಆಗಬಾರದು. ಆದರೆ ಗರಿಗಳೆಲ್ಲ ಸರಿಯಾಗಿದ್ದಾಗ ಎಂದು ಒಂದು ಷರತ್ತು ಹಾಕಿದ್ದೆನಲ್ಲ, ಅದು ಇಲ್ಲಿಗೆ ಬೇಕಾಗಿತ್ತು. ಫೋಟೋವನ್ನು ಹಿಗ್ಗಿಸಿ, ನೆರಳಿನ ಭಾಗವನ್ನು ಬೆಳಗಿಸಿ ನೋಡಿ. ಬಾಲದ ಎರಡೂ ಬದಿಯಲ್ಲಿ ತೀರಾ ಹೊರಗಿನ ಗರಿ ಅರ್ಧ ಉದ್ದಕ್ಕೆ ನಿಂತಿದೆ, ಇನ್ನೂ ಬೆಳೆಯುತ್ತಿದೆ. ಹದ್ದಿನ ಕವಲು ನಿಂತಿರುವುದೇ ಆ ಉದ್ದನೆಯ ಹೊರಗರಿಗಳ ಮೇಲೆ. ಅವೆರಡೂ ಗಿಡ್ಡವಾದರೆ ಕವಲು ಹೋಗಿ ಬಾಲ ಚೌಕವಾಗುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಬಾಲದ ನಡುವಿನ ಗರಿಗಳು ಉದುರಿದರೆ, ಕವಲೇ ಇಲ್ಲದ ಜಾತಿಗೂ ಕವಲು ಬಂದಂತೆ ಕಾಣುತ್ತದೆ.

ಬಾಲ ಕೈಕೊಟ್ಟಾಗ ರೆಕ್ಕೆಯ ಕೆಳಭಾಗಕ್ಕೆ ಬನ್ನಿ. ಐದನೆಯದರಲ್ಲಿ ತೆಳು ಮಚ್ಚೆ ಬೆರಳುಗಳ ಬುಡದಲ್ಲಿದೆ, ಹಿಂದಿನ ಅಂಚಿಗೆ ತಲುಪಿಲ್ಲ. ಒಳ ಪ್ರೈಮರಿಗಳಲ್ಲಿ ಬೆಣೆ ಇಲ್ಲ, ಅವು ಅಕ್ಕಪಕ್ಕದವಷ್ಟೇ ಕಂದು. ಬಾಲದ ಕೆಳಗೆ ಸಣ್ಣ ಸಣ್ಣ ಮಸುಕು ಅಡ್ಡಗೆರೆಗಳಿವೆ. ಮಣಿಕಟ್ಟು ಮುಂದಕ್ಕೆ ಬಾಗಿದೆ. ಇದು ಮಾಮೂಲಿ ಹದ್ದು. ನೀವು ನೋಡಿದ "ಹದ್ದಿನ ಮಚ್ಚೆ" ನಿಜಕ್ಕೂ ಹದ್ದಿನ ಮಚ್ಚೆಯೇ. ಹದ್ದು ಎಂದವರಿಗೆ ನೀವು ಈ ಫೋಟೋವನ್ನೇ ತೋರಿಸಿರಬೇಕು ಎಂದು ನನ್ನ ಊಹೆ.

ಇಷ್ಟು ಒಳ್ಳೆಯ ಫೋಟೋಗಳು ಪ್ರತಿ ಸಲ ಸಿಗುವುದಿಲ್ಲ. ನಿಮ್ಮ ಬಳಿ ಒಂದನೆಯದು ಮಾತ್ರ ಇದ್ದಿದ್ದರೆ ಆರು ಬೆರಳು, ಬಿಚ್ಚಿದ ದುಂಡು ಬಾಲ, ಗಟ್ಟಿ ತಲೆ, ಇಷ್ಟರ ಮೇಲೆ "ಬಹುಶಃ ಬೂಟೆಡ್ ಈಗಲ್" ಎಂದು ಬರೆದು ನಿಲ್ಲಿಸುತ್ತಿದ್ದೆ. ನಾಲ್ಕನೆಯದು ಮಾತ್ರ ಇದ್ದಿದ್ದರೆ ಬಾಲದ ಬುಡದ ಪಟ್ಟಿ ಸ್ಪಷ್ಟವಾಗುವವರೆಗೆ ಹೆಸರೇ ಹಾಕುತ್ತಿರಲಿಲ್ಲ. ಐದನೆಯದನ್ನು ಚಿಕ್ಕ ಗಾತ್ರದಲ್ಲಿ ಮಾತ್ರ ನೋಡಿದ್ದರೆ, ಚೌಕ ಬಾಲ ಕಂಡು ಯಾರೇ ಆದರೂ ಬೂಟೆಡ್ ಈಗಲ್ ಅನ್ನಬಹುದಿತ್ತು.

ಮುಂದಿನ ಸಲ ಹೀಗೆ ಮಾಡಿ. ಬೆಳಗುವ ಆಕಾಶದ ಎದುರು ಕ್ಯಾಮೆರಾ ತಾನಾಗೇ ಹಕ್ಕಿಯನ್ನು ಕಪ್ಪು ಮಾಡುತ್ತದೆ, ಹಾಗಾಗಿ ಎಕ್ಸ್‌ಪೋಷರ್ ಕಾಂಪನ್ಸೇಷನ್ ಒಂದರಿಂದ ಒಂದೂವರೆ ಸ್ಟಾಪ್ ಮೇಲಕ್ಕಿಡಿ. ಆಕಾಶ ಬಿಳಚಿಕೊಂಡರೆ ಪರವಾಗಿಲ್ಲ. ರಾ ಫೈಲ್ ಇಟ್ಟುಕೊಂಡರೆ ನೆರಳಿನಲ್ಲಿ ಅಡಗಿದ ಪಟ್ಟೆಗಳನ್ನು ಆಮೇಲೆ ಮೇಲೆತ್ತಬಹುದು. ಆದರೆ ಜಾಸ್ತಿ ಬೆಳಗಿಸಿದರೆ ತೆಳು ಜಾಗಗಳೆಲ್ಲ ಬೆಳ್ಳಗಾಗಿ, ಇಲ್ಲದ ಮಚ್ಚೆಗಳೂ ಹುಟ್ಟುತ್ತವೆ. ಏನೂ ತಿದ್ದದ ಮೂಲ ಫೋಟೋವನ್ನೂ ಜೊತೆಗೇ ಕಳಿಸಿ. ಹಕ್ಕಿ ಒಂದು ಸುತ್ತು ಪೂರ್ತಿ ಹಾಕುವವರೆಗೆ ಬಿಡದೆ ತೆಗೆಯಿರಿ. ಒಂದು ಸುತ್ತಿನಲ್ಲಿ ಅದು ಕೆಳಭಾಗ, ಎದುರು, ಬೆನ್ನು, ಬಿಸಿಲು ಬಿದ್ದ ಬದಿ ಎಲ್ಲವನ್ನೂ ತೋರಿಸಿಬಿಡುತ್ತದೆ. ಹಕ್ಕಿ ಒಮ್ಮೆ ಕಣ್ಣಿಂದ ಮರೆಯಾದರೆ ಅಲ್ಲಿಗೆ ಆ ಸರಣಿ ಮುಗಿಸಿ. ಮತ್ತೆ ಕಂಡದ್ದನ್ನು ಬೇರೆ ಫೋಲ್ಡರಿಗೆ ಹಾಕಿ, ಗರಿಗಳು ತಾಳೆಯಾದರೆ ಮಾತ್ರ ಎರಡನ್ನೂ ಸೇರಿಸಿ.

ಮೊದಲ ನಾಲ್ಕು ಫೋಟೋಗಳ ಹಕ್ಕಿ ಎಳೆಯದೋ ಬೆಳೆದದ್ದೋ ಎಂದೂ ಕೇಳಿದ್ದಿರಿ. ಗರಿಗಳೆಲ್ಲ ಒಂದೇ ಸಮ, ಅಂಚು ನೀಟಾಗಿದೆ, ಎಲ್ಲ ಗರಿಯೂ ಒಟ್ಟಿಗೆ ಬೆಳೆದ ಎಳೆಯ ಹಕ್ಕಿ ಹಾಗೆಯೇ ಇರುತ್ತದೆ. ಆದರೆ ಗರಿ ಬದಲಿಸಿ ಮುಗಿಸಿದ ಬೆಳೆದ ಹಕ್ಕಿಯೂ ದೂರದಿಂದ ಹಾಗೆಯೇ ಕಾಣುತ್ತದೆ. ಹಳೆ ಗರಿಯ ಪಕ್ಕ ಹೊಸ ಗರಿ ಇದೆಯಾ ಎಂದು ಹುಡುಕಲು ಈ ಫೋಟೋಗಳಲ್ಲಿ ಅಷ್ಟು ವಿವರ ಇಲ್ಲ. ದಾಖಲೆಯಲ್ಲಿ ಮೊದಲ ನಾಲ್ಕಕ್ಕೆ "ಬೂಟೆಡ್ ಈಗಲ್, ಕಡು ರೂಪ" ಎಂದು ಹಾಕಿ, ವಯಸ್ಸಿನ ಜಾಗ ಖಾಲಿ ಬಿಡಿ. ಐದನೆಯದಕ್ಕೆ ಪ್ರತ್ಯೇಕ ಸಾಲು, "ಬ್ಲ್ಯಾಕ್ ಕೈಟ್, ಗರಿ ಬದಲಿಸುತ್ತಿದೆ, ಬಾಲದ ಹೊರಗರಿ ಎರಡೂ ಕಡೆ ಗಿಡ್ಡ" ಎಂದು.